ನೋಟಿಸು ಕೊಡದೇ ಹೊರಟೇ ಹೋದಳು: ಸಾಫ್ಟ್‌ವೇರ್ ಎಂಜಿನಿಯರ್‌ನ ಬ್ರೇಕಪ್ ಹಾಡು ಬರೆಯುವ ಸಮಗ್ರ ಮಾರ್ಗದರ್ಶಿ

ಪ್ರೀತಿ ಮುರಿದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬ ತನ್ನ ದುಃಖವನ್ನು ಆಫೀಸಿನ ಮಾತಿನಲ್ಲೇ ಹೇಳಿಕೊಳ್ಳುವ ಹಾಡನ್ನು ಎಲ್ಲರೂ ಒಮ್ಮೆ ಬರೆಯಲು ನೋಡುತ್ತಾರೆ. ಆಫೀಸಿನ ವಾರ್ಷಿಕೋತ್ಸವಕ್ಕೋ, ಗೆಳೆಯನ ಬೀಳ್ಕೊಡುಗೆಗೋ, ಸುಮ್ನೆ ಗಿಟಾರ್ ಹಿಡಿದು ಕೂತಾಗಲೋ. ಮೊದಲ ಎರಡು ಸಾಲು ಸುಲಭವಾಗಿ ಬರುತ್ತವೆ. ಮೂರನೆಯದಕ್ಕೆ ಹಾಡು ನಿಂತುಬಿಡುತ್ತದೆ. ಅದು ಯಾಕೆ ನಿಲ್ಲುತ್ತದೆ, ನಿಲ್ಲದಂತೆ ಹೇಗೆ ಬರೆಯಬೇಕು ಅಂತ ಒಂದು ಪೂರ್ತಿ ಹಾಡನ್ನು ಕಟ್ಟುತ್ತಲೇ ಇಲ್ಲಿ ಹೇಳುತ್ತೇನೆ. ಈ ಹಾಡನ್ನು ನಾನು ನಮ್ಮ ಆಫೀಸಿನ ಒಂದು ಕಾರ್ಯಕ್ರಮಕ್ಕೆಂದು ಬರೆದೆ. ಬಿಟ್ಟ ಸಾಲುಗಳು ಉಳಿಸಿಕೊಂಡ ಸಾಲುಗಳಿಗಿಂತ ಜಾಸ್ತಿ. ಬಿಟ್ಟದ್ದು ಯಾಕೆ ಅನ್ನುವುದೂ ಇಲ್ಲಿದೆ.

ಮೊದಲು ಒಂದೇ ಒಂದು ಸಂಗತಿಯನ್ನು ಆರಿಸಿಕೊಳ್ಳಿ

ನಾನು ಮೊದಲು ಬರೆದ ಪಲ್ಲವಿ ಹೀಗಿತ್ತು:

ಸರ್ವರು ಡೌನು, ಕೋಡಲಿ ಬಗ್ಗು
ಸ್ಪ್ರಿಂಟೂ ಫೇಲು, ನನ್ನೆದೆ ಕುಗ್ಗು

ಪ್ರಾಸ ಇದೆ, ಆಫೀಸಿನ ಪದಗಳೂ ಇವೆ. ಆದರೆ ಇದರಲ್ಲಿ ಏನೂ ನಡೆಯುವುದಿಲ್ಲ. ಸರ್ವರ್ ಯಾರು? ಅವಳೋ, ಇವನೋ? ಬಗ್ ಅಂದರೆ ಜಗಳವೋ, ಅನುಮಾನವೋ? ಸ್ಪ್ರಿಂಟ್ ಫೇಲ್ ಆದದ್ದಕ್ಕೂ ಸರ್ವರ್ ಡೌನ್ ಆದದ್ದಕ್ಕೂ ಏನು ಸಂಬಂಧ? ಕೇಳುವವರು ಮೊದಲ ಪದಕ್ಕೆ ನಗುತ್ತಾರೆ, ಎರಡನೆಯದಕ್ಕೆ ಮುಗುಳ್ನಗುತ್ತಾರೆ, ಮೂರನೆಯದಕ್ಕೆ ಫೋನ್ ನೋಡುತ್ತಾರೆ. ಪದಗಳನ್ನು ಬರೀ ಗುಡ್ಡೆ ಹಾಕಿದರೆ ಹೀಗೆಯೇ ಆಗುತ್ತದೆ.

ಅದಕ್ಕೇ ಆಫೀಸಿನ ಒಂದೇ ಒಂದು ಘಟನೆಯನ್ನು ತೆಗೆದುಕೊಳ್ಳಬೇಕು. ಆ ಘಟನೆಗೆ ಶುರು, ನಡು, ಕೊನೆ ಇರಬೇಕು. ಬ್ರೇಕಪ್ಪಿಗೆ ಅತಿ ಹತ್ತಿರದ ಆಫೀಸ್ ಘಟನೆ ಯಾವುದು ಅಂತ ಯೋಚಿಸಿದಾಗ ನನಗೆ ಹೊಳೆದದ್ದು ರಾಜೀನಾಮೆ. ಒಬ್ಬರು ಇನ್ನೊಬ್ಬರನ್ನು ಬಿಟ್ಟು ಹೋಗುವುದೇ ಎರಡರಲ್ಲೂ ನಡೆಯುವುದು. ಅದೂ ಅಲ್ಲದೆ ನಮ್ಮ ಐಟಿ ಕಂಪನಿಗಳಲ್ಲಿ ರಾಜೀನಾಮೆಗೆ ಒಂದು ಕ್ರಮವೇ ಇದೆ. ಮೊದಲು ಮೇಲ್ ಹೋಗುತ್ತದೆ. ಆಮೇಲೆ ನೋಟಿಸ್ ಪೀರಿಯಡ್, ಬಹಳ ಕಡೆ 60 ಅಥವಾ 90 ದಿನ. ಮ್ಯಾನೇಜರ್ ಉಳಿಸಿಕೊಳ್ಳಲು ಕೌಂಟರ್ ಆಫರ್ ಕೊಡುತ್ತಾರೆ. ಆಗದಿದ್ದರೆ ಕೆಟಿ, ಅಂದರೆ ಹೋಗುವವರು ತಮಗೆ ಗೊತ್ತಿರುವುದನ್ನೆಲ್ಲ ಉಳಿಯುವವರಿಗೆ ಹೇಳಿಕೊಟ್ಟು ಹೋಗುವುದು. ಕೊನೆಯ ದಿನ ಲ್ಯಾಪ್‌ಟಾಪ್ ವಾಪಸ್, ಎಕ್ಸಿಟ್ ಇಂಟರ್‌ವ್ಯೂ. ಆಮೇಲೆ ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಅಂತ ಕಂಪನಿ ಕೊಡುವ ರಿಲೀವಿಂಗ್ ಲೆಟರ್, ಫುಲ್ ಅಂಡ್ ಫೈನಲ್ ಲೆಕ್ಕ.

ಈ ಕ್ರಮವನ್ನು ಒಂದು ಹಾಳೆಯ ಮೇಲೆ ಬರೆದುಕೊಂಡ ಕೂಡಲೇ ಹಾಡಿನ ಕಥೆ ಸಿಕ್ಕಿತು. ಮೊದಲ ಚರಣದಲ್ಲಿ ಹೋಗುವ ಮುಂಚಿನ ಸೂಚನೆಗಳು, ಎರಡನೆಯದರಲ್ಲಿ ಕೌಂಟರ್ ಆಫರ್, ಮೂರನೆಯದರಲ್ಲಿ ರಿಲೀವಿಂಗ್ ಲೆಟರ್. ಪಲ್ಲವಿಯಲ್ಲಿ ನೋಟಿಸ್ ಇಲ್ಲದ, ಕೆಟಿ ಇಲ್ಲದ ಗೋಳು. ಸರ್ವರ್, ಬಗ್, ಸ್ಪ್ರಿಂಟ್ ಎಲ್ಲವನ್ನೂ ಹೊರಗೆ ಹಾಕಿದೆ.

ಯಾರು ಕಂಪನಿ, ಯಾರು ಉದ್ಯೋಗಿ?

ಪದ ಬರೆಯುವ ಮುಂಚೆ ಈ ಪ್ರಶ್ನೆಗೆ ಉತ್ತರ ಬೇಕು. ಇಲ್ಲಿ ಅವಳು ಬಿಟ್ಟು ಹೋದಳು. ಹಾಗಾದರೆ ಅವಳು ಉದ್ಯೋಗಿ, ಇವನು ಕಂಪನಿ. ಇದನ್ನು ಒಮ್ಮೆ ಗಟ್ಟಿ ಮಾಡಿಕೊಂಡರೆ ಅರ್ಧ ಕೆಲಸ ತಾನಾಗಿ ಆಗುತ್ತದೆ. ಕೌಂಟರ್ ಆಫರ್ ಕೊಡುವವನು ಇವನೇ. ರಿಲೀವಿಂಗ್ ಲೆಟರ್ ಬರೆಯಬೇಕಾದವನೂ ಇವನೇ. ನಾನು ಮೊದಲು ‘ನನಗೆ ರಿಲೀವಿಂಗ್ ಲೆಟರ್ ಕೊಡು’ ಅಂತ ಅವನ ಬಾಯಲ್ಲಿ ಬರೆದಿದ್ದೆ. ಹಾಡಿದಾಗ ಎಲ್ಲೋ ಏನೋ ತಪ್ಪಿದೆ ಅನ್ನಿಸುತ್ತಿತ್ತು. ಹೋದವಳ ಹತ್ತಿರ ಉಳಿದವನು ಲೆಟರ್ ಕೇಳುವುದು ಯಾವ ಆಫೀಸಿನಲ್ಲೂ ಇಲ್ಲ. ಪಾತ್ರ ಅದಲುಬದಲಾಗಿತ್ತು, ಅಷ್ಟೇ.

ಇಲ್ಲಿಂದ ಪ್ರತಿ ಪದಕ್ಕೂ ಒಂದು ಪರೀಕ್ಷೆ ಮಾಡಿ. ಆ ಪದವನ್ನು ಆಫೀಸಿನ ಅರ್ಥದಲ್ಲಿ ಓದಿದಾಗ ಸಾಲು ನಿಜವಾಗಿರಬೇಕು. ಪ್ರೀತಿಯ ಅರ್ಥದಲ್ಲಿ ಓದಿದಾಗಲೂ ನಿಜವಾಗಿರಬೇಕು. ಒಂದು ಕಡೆ ಎಳೆದು ಕೂರಿಸಿದ್ದರೆ ಆ ಪದ ಬೇಡ.

‘ಡೇಟಾ ಎಲ್ಲಾ ನನ್ನಲೆ ಉಳಿಯಿತು’ ಅನ್ನುವ ಸಾಲನ್ನು ನೋಡಿ. ಉದ್ಯೋಗಿ ಹೋದರೂ ಡೇಟಾ ಕಂಪನಿಯದ್ದು, ಅಲ್ಲೇ ಉಳಿಯುತ್ತದೆ. ಹುಡುಗಿ ಹೋದರೂ ಫೋಟೋ, ಚಾಟ್, ನೆನಪು ಹುಡುಗನ ಹತ್ತಿರ ಉಳಿಯುತ್ತವೆ. ಎರಡೂ ಕಡೆ ಪೂರ್ತಿ ನಿಜ. ಇದು ಪಾಸ್.

‘ಬೈಔಟ್’ ಫೇಲ್. ನೋಟಿಸ್ ಪೀರಿಯಡ್ ಮುಗಿಯುವ ಮುಂಚೆಯೇ ಹಣ ಕಟ್ಟಿ, ಬಹಳ ಸಲ ಹೊಸ ಕಂಪನಿಯೇ ಕಟ್ಟಿ, ಬಿಡಿಸಿಕೊಂಡು ಹೋಗುವುದು ಬೈಔಟ್. ಪ್ರೀತಿಯ ಕಡೆಗೆ ತಂದರೆ ಯಾರೋ ದುಡ್ಡು ಕೊಟ್ಟು ಅವಳನ್ನು ಕರೆದುಕೊಂಡು ಹೋದ ಅಂತ ಆಗುತ್ತದೆ. ಅಲ್ಲಿಗೆ ನಗು ಕೆಟ್ಟು ಹೋಗುತ್ತದೆ. ‘ಪಿಐಪಿ’ ಕೂಡ ಬೇಡ. ಅದು ಉದ್ಯೋಗಿಯ ಕೆಲಸ ಸಾಲದು ಅಂತ ಕಂಪನಿ ಕೊಡುವ ಎಚ್ಚರಿಕೆ. ಹಾಡಿನಲ್ಲಿ ಬಂದರೆ ಅವನು ಅವಳಿಗೆ ಮಾರ್ಕ್ಸ್ ಹಾಕಲು ಕೂತಂತೆ ಕೇಳಿಸುತ್ತದೆ. ಬಿಟ್ಟು ಹೋದವಳನ್ನು ಹೀಯಾಳಿಸಿದ ಕೂಡಲೇ ಕೇಳುವವರಲ್ಲಿ ಅರ್ಧ ಜನ ಹಾಡಿನಿಂದ ಎದ್ದು ಹೋಗುತ್ತಾರೆ. ನಗು ಹುಟ್ಟಬೇಕಾದದ್ದು ಅವನು ಎಲ್ಲವನ್ನೂ ಎಚ್‌ಆರ್ ಕಣ್ಣಿನಿಂದ ನೋಡುತ್ತಾನಲ್ಲ, ಅದರಿಂದ.

ಪದಗಳ ಮಾತ್ರೆ ಎಣಿಸಿ

ಈಗ ಅಳತೆ. ಇಂಗ್ಲಿಷ್ ಪದಗಳು ಕನ್ನಡ ಹಾಡಿನಲ್ಲಿ ಎಡವುವುದು ಇಲ್ಲೇ. ಶಾಲೆಯಲ್ಲಿ ಕಲಿತ ಲಘು ಗುರು ನೆನಪಿದ್ದರೆ ಸಾಕು. ಹ್ರಸ್ವ ಅಕ್ಷರ ಒಂದು ಮಾತ್ರೆ. ದೀರ್ಘ ಅಕ್ಷರ ಎರಡು. ಮುಂದೆ ಒತ್ತಕ್ಷರ ಇದ್ದರೆ, ಸೊನ್ನೆ ಇದ್ದರೆ, ಕೊನೆಯಲ್ಲಿ ಅರ್ಧ ವ್ಯಂಜನ ಬಂದರೆ ಆ ಅಕ್ಷರವೂ ಎರಡು.

ನನ್ನ ಹಾಳೆಯಲ್ಲಿದ್ದ ಆಫೀಸ್ ಪದಗಳನ್ನು ಹೀಗೆ ಎಣಿಸಿದಾಗ ಒಂದು ವಿಷಯ ಕಂಡಿತು. ಡೇಟಾ, ಎರಡು ಮತ್ತು ಎರಡು, ಒಟ್ಟು ನಾಲ್ಕು. ಮೀಟಿಂಗ್ ನಾಲ್ಕು. ಆಫರ್ ನಾಲ್ಕು. ಕೌಂಟರ್ ನಾಲ್ಕು. ಬೇಸಿಕ್, ಬೋನಸ್, ಲಾಗೌಟ್, ಆನ್‌ಕಾಲ್ ಎಲ್ಲವೂ ನಾಲ್ಕು. ನಾವು ಆಫೀಸಿನಲ್ಲಿ ಬಳಸುವ ಎರಡಕ್ಷರದ ಇಂಗ್ಲಿಷ್ ಪದಗಳಲ್ಲಿ ಬಹಳಷ್ಟು ಕನ್ನಡದ ಬಾಯಲ್ಲಿ ಎರಡು ಗುರುಗಳಾಗಿ ಬೀಳುತ್ತವೆ. ಅಂದರೆ ಈ ಹಾಡಿಗೆ ನಾಲ್ಕು ಮಾತ್ರೆಯ ಗಣವೇ ಸರಿ.

ನಾಲ್ಕು ಮಾತ್ರೆಯ ನಾಲ್ಕು ಗಣ, ಸಾಲಿಗೆ 16 ಮಾತ್ರೆ. ಇದು ಹೊಸದೇನೂ ಅಲ್ಲ, ಕನ್ನಡದ ಮಂದಾನಿಲ ರಗಳೆಯ ಅಳತೆ. 12-13ನೇ ಶತಮಾನದ ಹೊತ್ತಿನಲ್ಲಿ ಕವಿ ಹರಿಹರ ಶರಣರ ಕಥೆ ಹೇಳಲು ಹಿಡಿದದ್ದು ಈ ರಗಳೆಯ ದಾರಿಯನ್ನೇ. ಕಥೆ ಓಡಿಸಲು ಇದು ತುಂಬಾ ಒಳ್ಳೆಯ ಅಳತೆ. ಎರಡೆರಡು ಸಾಲು ಜೋಡಿಯಾಗಿ ಬರುತ್ತವೆ. ಮೊದಲ ಸಾಲಿನಲ್ಲಿ ಸಂಗತಿ ಹೇಳಿ ಎರಡನೆಯದರಲ್ಲಿ ನಗಿಸಬಹುದು. ಮೂರು ಮಾತ್ರೆಯ ಉತ್ಸಾಹ ರಗಳೆಯ ಅಳತೆಯಲ್ಲೂ ಪ್ರಯತ್ನಿಸಿದೆ. ಕುಣಿತ ಚೆನ್ನಾಗಿ ಬಂತು, ಆದರೆ ‘ಕೌಂಟರ್’, ‘ಮೀಟಿಂಗ್’ ಯಾವುದೂ ಗಣದೊಳಗೆ ಹಿಡಿಸಲಿಲ್ಲ.

ಕನ್ನಡಕ್ಕೆ ಇನ್ನೊಂದು ಅನುಕೂಲ ಇದೆ. ವ್ಯಂಜನದಲ್ಲಿ ಮುಗಿಯುವ ಇಂಗ್ಲಿಷ್ ಪದಕ್ಕೆ ನಾವು ಕೊನೆಯಲ್ಲಿ ‘ಉ’ ಸೇರಿಸುತ್ತೇವೆ. ಬಸ್ ಬಸ್ಸು ಆಗುತ್ತದೆ, ಫೋನ್ ಫೋನು ಆಗುತ್ತದೆ. ಹಾಡು ಬರೆಯುವವರಿಗೆ ಇದು ಸಣ್ಣ ಸ್ಕ್ರೂಡ್ರೈವರ್ ಇದ್ದ ಹಾಗೆ. ಫೋನ್ ಎರಡು ಮಾತ್ರೆ, ಫೋನು ಮೂರು. ಒಂದು ಮಾತ್ರೆ ಕಮ್ಮಿ ಬಿದ್ದರೆ ‘ಉ’ ಸೇರಿಸಿ, ಜಾಸ್ತಿ ಆದರೆ ತೆಗೆಯಿರಿ. ನೋಟಿಸ್‌ನಂಥ ಪದಗಳು ಮಾತ್ರ ಎರಡೂ ರೂಪದಲ್ಲಿ ನಾಲ್ಕೇ. ಯಾಕೆಂದರೆ ‘ಟಿಸ್’ ಎರಡು ಮಾತ್ರೆ, ‘ಟಿಸು’ ಕೂಡ ಎರಡೇ. ಅಲ್ಲಿ ಕಿವಿಗೆ ಯಾವುದು ಹಿತವೋ ಅದನ್ನು ಇಟ್ಟುಕೊಳ್ಳಿ. ಆದರೆ ಕಾಲ್ ಎಂಬುದಕ್ಕೆ ‘ಉ’ ಸೇರಿಸುವ ಮುಂಚೆ ಹುಷಾರು. ‘ಅವಳ ಕಾಲು ಬರಲಿಲ್ಲ’ ಅಂತ ಹಾಡಿದರೆ ಜನ ಬೇರೆಯೇ ಚಿತ್ರ ನೋಡುತ್ತಾರೆ.

ಕೆಲವು ಪದಗಳು ಗಣದ ಗೆರೆಯನ್ನು ದಾಟಿ ನಿಲ್ಲುತ್ತವೆ. ‘ರಿಲೀವಿಂಗ್’ ಅಂಥದ್ದು. ಒಂದು, ಎರಡು, ಎರಡು. ಸಾಲಿನ ಮೊದಲಿಗೆ ಇಟ್ಟರೆ ಮೊದಲ ಮೂರು ಮಾತ್ರೆ ‘ರಿಲೀ’ ಆಗಿ, ನಾಲ್ಕನೆಯದಕ್ಕೆ ‘ವಿಂಗ್’ ಅರ್ಧ ತುಂಡಾಗುತ್ತದೆ. ಹಾಡುವವರು ಅಲ್ಲಿ ಎಡವಿಯೇ ಎಡವುತ್ತಾರೆ. ಪರಿಹಾರ ಸುಲಭ. ಅದರ ಹಿಂದೆ ಮೂರು ಮಾತ್ರೆಯ ಪದ ಒಂದನ್ನು ಇಡಿ. ‘ಇಂದು ರಿ’ ಒಂದು ಗಣ, ‘ಲೀವಿಂಗ್’ ಇನ್ನೊಂದು ಗಣ. ಗಣದ ಮೊದಲಿಗೆ ತಟ್ಟುವ ಚಪ್ಪಾಳೆ ‘ಲೀ’ ಮೇಲೆ ಬೀಳುತ್ತದೆ. ನಾವು ಮಾತಾಡುವಾಗಲೂ ಒತ್ತು ಬೀಳುವುದು ‘ಲೀ’ ಮೇಲೆಯೇ ಅಲ್ವಾ?

ಪಲ್ಲವಿ

ಪಲ್ಲವಿ ಹಾಡಿನಲ್ಲಿ ನಾಲ್ಕು ಸಲ ಬರುತ್ತದೆ. ಹಾಗಾಗಿ ಅದರಲ್ಲಿ ಒಂದು ಸಲ ಕೇಳಿ ಮುಗಿಯುವ ಜೋಕ್ ಇಡಬಾರದು. ಪರಿಸ್ಥಿತಿ ಇಡಬೇಕು. ಇಲ್ಲಿನ ಪರಿಸ್ಥಿತಿ ಇಷ್ಟೇ: ಹೇಳದೆ ಹೋದಳು.

ನೋಟಿಸು | ಕೊಡದೇ | ಹೊರಟೇ | ಹೋದಳು

ಒಂದೊಂದು ಗಣವೂ ನಾಲ್ಕು ಮಾತ್ರೆ, ಒಂದೊಂದು ಪದವೂ ಒಂದು ಗಣ. ಹೀಗೆ ಪದ ಮತ್ತು ಗಣ ಒಟ್ಟಿಗೆ ಮುಗಿದರೆ ಮೊದಲ ಸಲ ಕೇಳಿದವರೂ ಎರಡನೇ ಸಲಕ್ಕೆ ಜೊತೆಗೆ ಹಾಡುತ್ತಾರೆ. ಪಲ್ಲವಿಯ ಮೊದಲ ಸಾಲಿಗಾದರೂ ಇದನ್ನು ಸಾಧಿಸಿ.

ಎರಡನೇ ಸಾಲಿಗೆ ‘ಕೆಟಿ’ ಬೇಕಿತ್ತು. ಬಾಯಲ್ಲಿ ಅದನ್ನು ‘ಕೇಟೀ’ ಅಂತ ಎಳೆದೇ ಹೇಳುತ್ತೇವೆ. ಬರೆದು ನೋಡಿದಾಗ ಒಂದು ಖುಷಿಯ ಸಂಗತಿ ಕಂಡಿತು. ನೋಟಿಸು, ಕೇಟೀ ಎರಡರಲ್ಲೂ ಎರಡನೇ ಅಕ್ಷರ ‘ಟ’ಕಾರ, ಮೊದಲ ಅಕ್ಷರ ದೀರ್ಘ. ಹಳಗನ್ನಡದ ಕವಿಗಳು ಬಿಡದೆ ಕಾಪಾಡಿಕೊಂಡು ಬಂದ ಆದಿಪ್ರಾಸ ಅಂದರೆ ಇದೇ, ಸಾಲಿನ ಎರಡನೇ ಅಕ್ಷರದ ಪ್ರಾಸ. ಹುಡುಕಿದರೆ ಡೇಟಾ, ಮೀಟಿಂಗ್ ಕೂಡ ಅದೇ ಸಾಲಿಗೆ ಸೇರುತ್ತವೆ. ಆಫೀಸಿನ ಪದಗಳೇ ಆದಿಪ್ರಾಸ ಕೊಡುತ್ತಿರುವಾಗ ಬಿಡುವುದುಂಟೇ?

ನೋಟಿಸು ಕೊಡದೇ ಹೊರಟೇ ಹೋದಳು
ಕೇಟೀ ಮಾಡದೆ ಹೊರಟೇ ಹೋದಳು
ಡೇಟಾ ಎಲ್ಲಾ ನನ್ನಲೆ ಉಳಿಯಿತು
ಮೀಟಿಂಗ್ ರೂಮಲಿ ಒಬ್ಬನೆ ಕೂತೆನು

ಕೊನೆಯ ಸಾಲು ಕೆಟಿಗೇ ಅಂಟಿಕೊಂಡಿದೆ. ಹೇಳಿಕೊಟ್ಟು ಹೋಗುತ್ತಾಳೆ ಅಂತ ರೂಮ್ ಬುಕ್ ಮಾಡಿ ಕಾದು ಕೂತಿದ್ದಾನೆ. ‘ಎಲ್ಲಾ’ ಅಂತ ಎಳೆದದ್ದು, ‘ರೂಮಿನಲ್ಲಿ’ ಅನ್ನುವುದು ‘ರೂಮಲಿ’ ಆದದ್ದು ಹಾಡಿನಲ್ಲಿ ನಡೆಯುತ್ತದೆ. ಆದರೆ ಒಂದು ಸಾಲಿನಲ್ಲಿ ಎರಡಕ್ಕಿಂತ ಜಾಸ್ತಿ ಇಂಥ ಎಳೆತ ಇದ್ದರೆ ಸಾಲನ್ನು ಮತ್ತೆ ಬರೆಯಿರಿ. ಅಳತೆಗೆ ಪದ ಸಿಗದೆ ರಬ್ಬರ್ ಹಾಗೆ ಎಳೆದಿದ್ದಾರೆ ಅಂತ ಕಿವಿಗೆ ಗೊತ್ತಾಗಿಬಿಡುತ್ತದೆ.

ಮೂರು ಚರಣ

ಮೊದಲ ಚರಣದಲ್ಲಿ ಅವಳು ದೂರವಾಗುತ್ತಿದ್ದ ದಿನಗಳು. ಇಲ್ಲಿ ಭಾವನೆಯ ಪದ ಒಂದೂ ಬೇಡ. ಸ್ಕ್ರೀನ್ ಮೇಲೆ ಅವನಿಗೆ ಏನು ಕಂಡಿತೋ ಅಷ್ಟೇ ಸಾಕು. ಆಫೀಸಿನ ಚಾಟಿನಲ್ಲಿ ಹೆಸರಿನ ಪಕ್ಕ ಹಸಿರು ಚುಕ್ಕಿ ಇದ್ದರೆ ಆ ವ್ಯಕ್ತಿ ಇದ್ದಾರೆ ಅಂತ. ಹಳದಿ ಆದರೆ ಎದ್ದು ಹೋಗಿದ್ದಾರೆ ಅಂತ.

ಪಿಂಗೂ ಮಾಡಿದೆ, ಮೇಲೂ ಕಳಿಸಿದೆ
ಹಸಿರಿನ ಚುಕ್ಕೀ ಹಳದಿಗೆ ತಿರುಗಿದೆ
ಕ್ಯಾಲೆಂಡರಿನಲಿ ಜಾಗವೆ ಇಲ್ಲಾ
ಡಿಕ್ಲೈನ್ ಕೂಡಾ ಮಾಡೋದಿಲ್ಲಾ

ನಾಲ್ಕನೇ ಸಾಲಿನ ಜಾಗದಲ್ಲಿ ಮೊದಲು ‘ನನ್ನಾ ಟಿಕೆಟಿಗೆ ಓನರೆ ಇಲ್ಲಾ’ ಅಂತ ಇತ್ತು. ಅಳತೆ ಸರಿ, ಪ್ರಾಸ ಸರಿ, ಕೇಳಿದವರು ನಕ್ಕರು ಕೂಡ. ಆದರೂ ತೆಗೆದೆ. ಹಿಂದಿನ ಸಾಲಿನಲ್ಲಿ ಕ್ಯಾಲೆಂಡರ್ ಇದೆ, ಇಲ್ಲಿ ಟಿಕೆಟ್ ಬಂದರೆ ಚಿತ್ರ ಮುರಿಯುತ್ತದೆ. ಮೀಟಿಂಗ್ ಇನ್ವೈಟ್ ಕಳಿಸಿದರೆ ಬರುತ್ತೇನೆ ಅನ್ನಬಹುದು, ಬರುವುದಿಲ್ಲ ಅನ್ನಬಹುದು. ಎರಡೂ ಅನ್ನದೆ ಹಾಗೇ ಬಿಡುವುದು ಬಹಳ ನೋಯಿಸುತ್ತದೆ. ಪ್ರೀತಿಯಲ್ಲೂ ಅಷ್ಟೇ. ‘ಡಿಕ್ಲೈನ್ ಕೂಡಾ ಮಾಡೋದಿಲ್ಲಾ’ ಅನ್ನುವಾಗ ನಗುವ ಜೊತೆಗೆ ಯಾರೋ ಒಬ್ಬರಾದರೂ ಸುಮ್ಮನಾಗುತ್ತಾರೆ. ಜೋರು ನಗು ತರುವ ಸಾಲಿಗಿಂತ ನನಗೆ ಈ ಸಾಲು ಹೆಚ್ಚು.

ಎರಡನೇ ಚರಣ ಹಾಡಿನ ನಡು. ಇಲ್ಲಿ ದೊಡ್ಡ ನಗು ಬರಬೇಕು. ಕೌಂಟರ್ ಆಫರ್ ಅಂದ ಮೇಲೆ ಅವನು ಏನನ್ನೋ ಕೊಡುತ್ತೇನೆ ಅನ್ನಬೇಕು. ಸಾಫ್ಟ್‌ವೇರ್ ಎಂಜಿನಿಯರ್ ಕೊಡಬಹುದಾದ ಅತಿ ದೊಡ್ಡ ತ್ಯಾಗ ಯಾವುದು? ಶನಿವಾರ ಭಾನುವಾರ ರಾತ್ರಿ ಫೋನ್ ಬಂದರೆ ಎದ್ದು ಸರ್ವರ್ ನೋಡುವ ಆನ್‌ಕಾಲ್ ಡ್ಯೂಟಿ ಬಿಡುವುದು.

ಕೌಂಟರ್ ಆಫರ್ ಕೊಡುವೆನು ಎಂದೇ
ವೀಕೆಂಡ್ ಆನ್‌ಕಾಲ್ ಬಿಡುವೆನು ಎಂದೇ
ಬೇಸಿಕ್ ಇಲ್ಲದೆ ಬೋನಸ್ ಯಾತಕೆ
ಕೇಸೂ ಕ್ಲೋಸಾಯ್ತೊಂದೇ ಮಾತಿಗೆ

ಮೂರನೇ ಸಾಲು ಅವಳ ಮಾತು. ಇಡೀ ಹಾಡಿನಲ್ಲಿ ಅವಳು ಮಾತಾಡುವುದು ಇದೊಂದೇ ಸಲ, ಗೆಲ್ಲುವುದೂ ಅವಳೇ. ಸಂಬಳದ ಚೀಟಿ ಓದಿದವರಿಗೆಲ್ಲ ಇದು ಕೂಡಲೇ ತಟ್ಟುತ್ತದೆ. ಪಿಎಫ್‌ಗೆ 12% ಕತ್ತರಿಸುವುದು ಮುಖ್ಯವಾಗಿ ಬೇಸಿಕ್ ಮೇಲೆ, ಗ್ರಾಚ್ಯುಟಿ ಲೆಕ್ಕವೂ ಮುಖ್ಯವಾಗಿ ಬೇಸಿಕ್ ಮೇಲೆ. ಬೇಸಿಕ್ಕೇ ಇಲ್ಲದಿದ್ದರೆ ಮೇಲಿನದಕ್ಕೆ ಬೆಲೆ ಇಲ್ಲ. ಪ್ರೀತಿಯ ಕಡೆಯಿಂದ ಓದಿ: ದಿನದಿನದ ಮಾತುಕತೆಯೇ ಇಲ್ಲದಿರುವಾಗ ವೀಕೆಂಡಿನ ಉಡುಗೊರೆ ಯಾಕೆ? ಎರಡೂ ಅರ್ಥ ಒಂದಕ್ಕೊಂದು ಪೂರ್ತಿ ಹೊಂದಿ ಕೂತವು. ಬೇಸಿಕ್, ಕೇಸೂ ಎರಡರಲ್ಲೂ ‘ಸ’ಕಾರದ ಆದಿಪ್ರಾಸ ಇದೆ, ಯಾತಕೆ, ಮಾತಿಗೆ ಎಂಬ ಅಂತ್ಯಪ್ರಾಸವೂ ಇದೆ. ಮುಖ್ಯವಾದ ಸಾಲಿಗೆ ಎರಡು ಕಡೆಯೂ ಪ್ರಾಸ ಕಟ್ಟಿದರೆ ಜನರಿಗೆ ಅದು ಬಾಯಿಪಾಠವಾಗುತ್ತದೆ.

ಮೂರನೇ ಚರಣದಲ್ಲಿ ನಗು ಸ್ವಲ್ಪ ತಗ್ಗಬೇಕು. ರಿಲೀವಿಂಗ್ ಲೆಟರಿನ ಕೊನೆಯಲ್ಲಿ ‘ಮುಂದಿನ ಬದುಕಿಗೆ ಶುಭವಾಗಲಿ’ ಅನ್ನುವ ವಾಕ್ಯ ಬಹಳ ಸಲ ಇರುತ್ತದೆ. ಯಾರೂ ಓದದ ವಾಕ್ಯ. ಇಲ್ಲಿ ಅವನು ಅದನ್ನು ಮನಸ್ಸಿಟ್ಟು ಬರೆಯುತ್ತಾನೆ.

ಇಂದು ರಿಲೀವಿಂಗ್ ಲೆಟರನು ಬರೆದೇ
ಮುಂದಿನ ಬಾಳಿಗೆ ಶುಭವನು ಕೋರಿದೆ
ಫುಲ್ ಅಂಡ್ ಫೈನಲ್ ಲೆಕ್ಕಾ ನೋಡಿದೆ
ನನ್ನಾ ಕಡೆಯೇ ಬಾಕೀ ಉಳಿದಿದೆ

ಫುಲ್ ಅಂಡ್ ಫೈನಲ್ ಲೆಕ್ಕದಲ್ಲಿ ಕೊಡುವುದು, ಕೊಳ್ಳುವುದು ಎರಡೂ ಇರುತ್ತವೆ. ಇಷ್ಟು ಹೊತ್ತು ಅವಳು ನೋಟಿಸ್ ಕೊಡಲಿಲ್ಲ, ಕೆಟಿ ಮಾಡಲಿಲ್ಲ ಅಂತ ದೂರು ಹೇಳಿದವನು ಲೆಕ್ಕ ಹಾಕಿ ನೋಡಿದರೆ ಬಾಕಿ ತನ್ನ ಕಡೆಯೇ ಇದೆ. ಈ ಸಾಲು ಸಿಕ್ಕಿದ ಮೇಲೆಯೇ ನನಗೆ ಹಾಡು ಮುಗಿಯುತ್ತದೆ ಅನ್ನುವ ಧೈರ್ಯ ಬಂದದ್ದು.

ಕೊನೆಯ ಪಲ್ಲವಿ ಬದಲಾಗಲಿ

ಮೂರನೇ ಚರಣದ ನಂತರ ಅದೇ ಪಲ್ಲವಿ ಹಾಡಿದರೆ ಕಥೆ ಹಿಂದಕ್ಕೆ ಹೋಗುತ್ತದೆ. ಬಾಕಿ ತನ್ನದೇ ಅಂತ ಗೊತ್ತಾದ ಮೇಲೂ ‘ನೋಟಿಸು ಕೊಡದೇ’ ಅಂತ ದೂರುವುದು ಸರಿಯಲ್ಲ. ಮೊದಲ ಚರಣವನ್ನು ಮತ್ತೆ ಓದಿ. ಚುಕ್ಕಿ ಹಳದಿ ಆಗಿತ್ತು. ಕ್ಯಾಲೆಂಡರ್ ತುಂಬಿತ್ತು. ಅವಳು ನೋಟಿಸ್ ಕೊಟ್ಟಿದ್ದಳಲ್ಲ! ಆಗ ಎರಡೇ ಕಡೆ ಬದಲಾಯಿಸಿದೆ:

ನೋಟಿಸು ಕೊಟ್ಟೇ ಹೊರಟೇ ಹೋದಳು
ಲೇಟಾಗ್ ಓದಿದೆ, ಹೊರಟೇ ಹೋದಳು

‘ಕೊಡದೇ’ ನಾಲ್ಕು ಮಾತ್ರೆ, ‘ಕೊಟ್ಟೇ’ ನಾಲ್ಕು ಮಾತ್ರೆ. ಟ್ಯೂನ್ ಒಂದು ಎಳೆಯೂ ಬದಲಾಗುವುದಿಲ್ಲ. ‘ಲೇಟಾಗ್’ ಕೂಡ ‘ಟ’ಕಾರದ ಪ್ರಾಸ ಉಳಿಸುತ್ತದೆ. ಉಳಿದ ಎರಡು ಸಾಲು ಹಾಗೇ ಇರಲಿ. ಮೂರು ಸಲ ಜೊತೆಗೆ ಹಾಡಿದ ಜನ ನಾಲ್ಕನೇ ಸಲವೂ ‘ಕೊಡದೇ’ ಅಂತಲೇ ಹಾಡುತ್ತಾರೆ. ಮೈಕಿನಲ್ಲಿ ಮಾತ್ರ ‘ಕೊಟ್ಟೇ’ ಕೇಳಿಸುತ್ತದೆ.

ರಾಗ, ವೇಗ, ನಿಲುಗಡೆ

ಟ್ಯೂನ್ ತಮಾಷೆಯಾಗಿ ಇರಬಾರದು. ಪದ ತಮಾಷೆ, ಟ್ಯೂನ್ ಕೂಡ ತಮಾಷೆ ಆದರೆ ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ನಿಜವಾದ ವಿರಹಗೀತೆಯ ಟ್ಯೂನ್ ಮಾಡಿ, ಮುಖದಲ್ಲಿ ನಗು ಇಲ್ಲದೆ ಹಾಡಿ.

ನಾನು ಶಿವರಂಜನಿ ಹಿಡಿದೆ. ಐದೇ ಸ್ವರ: ಸ ರಿ ಗ ಪ ಧ, ಗಾಂಧಾರ ಸಾಧಾರಣ. ಕೀಬೋರ್ಡಿನಲ್ಲಿ ಸಿ ಅನ್ನು ಷಡ್ಜ ಮಾಡಿಕೊಂಡರೆ ಸಿ, ಡಿ, ಇ ಫ್ಲಾಟ್, ಜಿ, ಎ. ಇದರಲ್ಲಿ ಗಾಂಧಾರವೊಂದನ್ನು ಮೇಲಕ್ಕೆ ಸರಿಸಿ, ಇ ಫ್ಲಾಟ್ ಬದಲು ಇ ಒತ್ತಿದರೆ ಅದೇ ಮೋಹನ ಆಗುತ್ತದೆ. ಅಳುವ ರಾಗಕ್ಕೂ ನಗುವ ರಾಗಕ್ಕೂ ನಡುವೆ ಇರುವುದು ಒಂದು ಸ್ವರ. ಹಾಗಾಗಿ ಕೌಂಟರ್ ಆಫರಿನ ಎರಡು ಸಾಲನ್ನು ಮೋಹನದಲ್ಲಿ ಹಾಡಿದೆ, ಅವನಿಗೆ ಆಸೆ ಹುಟ್ಟಿದೆಯಲ್ಲ. ‘ಬೇಸಿಕ್ ಇಲ್ಲದೆ’ ಅನ್ನುವಲ್ಲಿ ಗಾಂಧಾರ ಮತ್ತೆ ಕೆಳಗೆ ಇಳಿಯುತ್ತದೆ. ರಾಗ ಗೊತ್ತಿಲ್ಲದವರಿಗೂ ಅಲ್ಲಿ ಏನೋ ಕುಸಿದದ್ದು ಕೇಳಿಸುತ್ತದೆ.

ವೇಗ ನಿಮಿಷಕ್ಕೆ 80 ಚಪ್ಪಾಳೆ. ಗಣಕ್ಕೆ ಒಂದು ಚಪ್ಪಾಳೆ, ಸಾಲಿಗೆ ನಾಲ್ಕು, ಅಂದರೆ ಒಂದು ಸಾಲಿಗೆ 3 ಸೆಕೆಂಡ್. ಚರಣದ ಮೊದಲೆರಡು ಸಾಲನ್ನು ಎರಡೆರಡು ಸಲ ಹಾಡಿ, ನಡುವೆ ಸ್ವಲ್ಪ ವಾದ್ಯ ಸೇರಿಸಿದರೆ ಹಾಡು ಸುಮಾರು 2 ನಿಮಿಷ. ವೇಗವನ್ನು 100ಕ್ಕೆ ಏರಿಸಿದರೆ ‘ಕ್ಲೋಸಾಯ್ತೊಂದೇ’ ಬಾಯಲ್ಲಿ ಉರುಳಿ ಹೋಗುತ್ತದೆ. ತುಂಬಾ ಇಳಿಸಿದರೆ ಜೋಕು ಬರುವ ಮುಂಚೆಯೇ ಜನರಿಗೆ ಹೊಳೆದುಬಿಡುತ್ತದೆ.

‘ಬೋನಸ್ ಯಾತಕೆ’ ಆದ ಮೇಲೆ ನಾಲ್ಕು ಚಪ್ಪಾಳೆ ಖಾಲಿ ಬಿಡಿ. ಮೊದಲ ಸಲ ನಾವು ಬಿಡಲಿಲ್ಲ. ನಗುವಿನ ಸದ್ದಿನಲ್ಲಿ ಮುಂದಿನ ಸಾಲು ಯಾರಿಗೂ ಕೇಳಿಸಲೇ ಇಲ್ಲ. ಬೇರೆ ಎಲ್ಲೂ ಹೀಗೆ ನಿಲ್ಲಬೇಡಿ. ನಗುವಿಗಾಗಿ ಕಾಯುತ್ತಿರುವುದು ಗೊತ್ತಾದರೆ ಜನ ನಗುವುದಿಲ್ಲ.

ಇಬ್ಬರ ಮುಂದೆ ಹಾಡಿ ನೋಡಿ

ಒಬ್ಬರು ಐಟಿಯವರು, ಇನ್ನೊಬ್ಬರು ಆ ಕಡೆ ತಲೆ ಹಾಕದವರು. ಐಟಿಯವರು ಪದದ ತಪ್ಪು ಹಿಡಿಯುತ್ತಾರೆ. ಲೆಟರ್ ಯಾರು ಯಾರಿಗೆ ಕೊಡಬೇಕು ಅನ್ನುವ ಎಡವಟ್ಟನ್ನು ನನಗೆ ತೋರಿಸಿದ್ದು ನನ್ನ ಟೀಮಿನ ಗೆಳತಿ. ಹೊರಗಿನವರು ಕಥೆ ಹರಿಯುತ್ತಿದೆಯೋ ಇಲ್ಲವೋ ಹೇಳುತ್ತಾರೆ. ನಾನು ಅಮ್ಮನ ಮುಂದೆ ಹಾಡಿದೆ. ಕೌಂಟರ್ ಆಫರ್ ತಾನಾಗಿ ಅರ್ಥವಾಯಿತು, ‘ಇನ್ನೂ ಜಾಸ್ತಿ ಕೊಡ್ತೀನಿ ಇರು ಅನ್ನೋದು ತಾನೇ?’ ಅಂದರು. ಬೇಸಿಕ್ ಅಂತೂ ಅಪ್ಪನ ಸಂಬಳದ ಕಾಲದಿಂದ ಗೊತ್ತು. ನಿಂತದ್ದು ‘ಕೇಟೀ’ ಹತ್ತಿರ.

‘ಅಡುಗೆಮನೆ ಬಿಟ್ಟು ಊರಿಗೆ ಹೋಗುವಾಗ ಯಾವ ಡಬ್ಬದಲ್ಲಿ ಏನಿದೆ ಅಂತ ಹೇಳಿ ಹೋಗ್ತೀಯಲ್ಲಮ್ಮ, ಅದೇ’ ಅಂದೆ.

‘ಹೇಳದೆ ಹೋದಳಾ? ಪಾಪ, ಹುಡುಗನಿಗೆ ಸಾಸಿವೆ ಎಲ್ಲಿದೆ ಅಂತಲೂ ಗೊತ್ತಿಲ್ಲ’ ಅಂದರು ಅಮ್ಮ.

ವೇದಿಕೆ ಮೇಲೆ ಹಾಡಿಗೆ ಮುಂಚೆ ಡಬ್ಬದ ಆ ಒಂದು ಮಾತನ್ನು ಹೇಳಿಯೇ ಶುರು ಮಾಡಿದೆವು. ಮನೆಯವರೂ ಬಂದಿದ್ದ ಸಭೆ ಅದು. ಒಂದೇ ಒಂದು ಪದಕ್ಕೆ ಹೀಗೆ ವಿವರಣೆ ಕೊಡಬಹುದು. ಎರಡು ಮೂರು ಪದಕ್ಕೆ ಬೇಕಾದರೆ ವಿವರಿಸುತ್ತಾ ನಿಲ್ಲಬೇಡಿ, ಸಾಲನ್ನೇ ಬದಲಾಯಿಸಿ.

ಹಾಡುವ ದಿನ ಮೈಕ್ ಹಿಡಿಯುವವರಿಗೆ ಒಂದು ಮಾತು ಮೊದಲೇ ಹೇಳಿಡಿ. ಕೊನೆಯ ಪಲ್ಲವಿಯ ‘ಕೊಟ್ಟೇ’ಯನ್ನು ಒತ್ತಿ ಕೂಗಬಾರದು. ಮೊದಲಿನ ಮೂರು ಸಲದಷ್ಟೇ ಮೆತ್ತಗೆ ಹಾಡಬೇಕು. ನಮ್ಮ ಸಭೆಯಲ್ಲಿ ಮೊದಲ ಸಾಲಿಗೆ ಎಲ್ಲರೂ ಜೊತೆಗೆ ‘ಕೊಡದೇ’ ಅಂದರು. ‘ಲೇಟಾಗ್ ಓದಿದೆ’ ಬಂದಾಗ ಜೊತೆಗೆ ಹಾಡುತ್ತಿದ್ದ ದನಿಗಳು ಒಂದೊಂದಾಗಿ ನಿಂತವು. ಮೂರನೇ ಸಾಲಿಗೆ ಮತ್ತೆ ಎಲ್ಲರೂ ಸೇರಿಕೊಂಡರು.